ಕರೆಂಟ್ ಹೋಗಿ ಉತ್ತರ ಅರ್ಧಕ್ಕೆ ನಿಂತಿತು: ಮೇಡಂ ಅವರಿಗೆ ಏನೆಂದು ಬರೆಯಲಿ?

ಅರ್ಧವಾಕ್ಯ

ಇಂದು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಜೀವಶಾಸ್ತ್ರದ ಆನ್‌ಲೈನ್ ಕಿರುಪರೀಕ್ಷೆ ಇತ್ತು. ಮೂಡಲ್‌ನಲ್ಲಿ ಐದು ಪ್ರಶ್ನೆ, ಐವತ್ತು ಅಂಕ, ಒಂದೊಂದು ಪುಟಕ್ಕೆ ಒಂದೊಂದು ಪ್ರಶ್ನೆ. ಮೂರು ಮುಗಿಸಿ ನಾಲ್ಕನೆಯದಕ್ಕೆ ಬಂದಿದ್ದೆ. ತಾಪಮಾನ ಏರಿದಂತೆ ಕಿಣ್ವದ ಕೆಲಸ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆ. "ನಲವತ್ತು ಡಿಗ್ರಿ ದಾಟಿದ ಮೇಲೆ ಕಿಣ್ವದ" ಎಂದು ಟೈಪ್ ಮಾಡುತ್ತಿದ್ದೆ, ಕರೆಂಟ್ ಹೋಯಿತು. ಡೆಸ್ಕ್‌ಟಾಪ್ ಆದ್ದರಿಂದ ಪರದೆ ಆ ಕ್ಷಣವೇ ಕಪ್ಪಾಯಿತು. ಗೋಡೆ ಗಡಿಯಾರದಲ್ಲಿ 10.42 ಆಗಿತ್ತು. ಮತ್ತೆ ಬಂದದ್ದು 11.20ಕ್ಕೆ, ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು.

ಮೇಡಂ ಅವರಿಗೆ ಕಳುಹಿಸಲು ಹೀಗೆ ಬರೆದಿದ್ದೇನೆ, ಇನ್ನೂ ಕಳುಹಿಸಿಲ್ಲ:

> ಪೂಜ್ಯ ಗುರುಗಳಿಗೆ, ಈ ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ, ದುರದೃಷ್ಟವಶಾತ್ ವಿದ್ಯುತ್ ಕಡಿತವಾಗಿ ನನ್ನ ಉತ್ತರಗಳೆಲ್ಲ ಅಳಿಸಿಹೋಗಿವೆ. ನಾನು ಬಹಳ ಕಷ್ಟಪಟ್ಟು ಓದಿದ್ದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ದಯಮಾಡಿ ಅಂಕ ಕೊಡಬೇಕು ಅಥವಾ ಮರುಪರೀಕ್ಷೆ ನಡೆಸಬೇಕು ಎಂದು ಪ್ರಾರ್ಥಿಸುತ್ತೇನೆ. ಉಳಿದ ಉತ್ತರವನ್ನು ಕಾಗದದ ಮೇಲೆ ಬರೆದು ಫೋಟೊ ಲಗತ್ತಿಸಿದ್ದೇನೆ.

ಇಷ್ಟು ಸಾಕೇ? ಇನ್ನೂ ವಿನಯವಾಗಿ ಬರೆಯಬೇಕೇ?

ನೀಲಿಶಾಯಿ

ಏನನ್ನೂ ಬರೆಯುವ ಅಗತ್ಯವಿಲ್ಲ. ಮೂಡಲ್ ತಾನಾಗಿಯೇ ಎಲ್ಲವನ್ನೂ ಉಳಿಸಿಕೊಳ್ಳುತ್ತದೆ. ನೀವು ಟೈಪ್ ಮಾಡಿದ ಒಂದಕ್ಷರವೂ ಹೋಗಿರುವುದಿಲ್ಲ. ಸಂಪರ್ಕ ಕಡಿದ ಕೂಡಲೇ ಸಮಯವೂ ನಿಂತುಬಿಡುತ್ತದೆ, ಲಾಗಿನ್ ಆಗಿ ಮುಂದುವರಿಸಿ.

ತಂತಿಜೋಡಣೆ

ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದೆ ಪರೀಕ್ಷೆಗೆ ಕೂರುವುದೇ? ಸಣ್ಣದೊಂದು ಇದ್ದರೂ ಹತ್ತು ನಿಮಿಷ ಸಿಗುತ್ತದೆ. ರೂಟರ್ ಅನ್ನೂ ಅದಕ್ಕೇ ಜೋಡಿಸಬೇಕು. ಬಹಳ ಜನ ಕಂಪ್ಯೂಟರ್ ಮಾತ್ರ ಜೋಡಿಸಿ ರೂಟರ್ ಮರೆಯುತ್ತಾರೆ. ಆಮೇಲೆ ಪರದೆ ಬೆಳಗುತ್ತಿರುತ್ತದೆ, ಇಂಟರ್ನೆಟ್ ಮಾತ್ರ ಇರುವುದಿಲ್ಲ.

ಅರ್ಧವಾಕ್ಯ

ತಂತಿಜೋಡಣೆಯವರೇ, ಮುಂದಿನ ಸಲಕ್ಕೆ ಖಂಡಿತ. ಈಗ ಕೇಳುತ್ತಿರುವುದು ಪತ್ರದ ಬಗ್ಗೆ.

ನೀಲಿಶಾಯಿಯವರೇ, ಮುಂದುವರಿಸಲು ಆಗುತ್ತಿಲ್ಲ. ಪರೀಕ್ಷೆಯ ಪುಟದಲ್ಲಿ ನನ್ನ ಪ್ರಯತ್ನದ ಎದುರು Finished ಎಂದಿದೆ, ಸಮಯ 11.00. ನಾನು ಸಲ್ಲಿಸಿಯೇ ಇಲ್ಲವಲ್ಲ!

ಸಂಜೆಪಾಠ

ನಾನು ಪಾಠ ಮಾಡುವವಳು, ನಮ್ಮಲ್ಲಿ ಮೂಡಲ್ ನೋಡಿಕೊಳ್ಳುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಹೀಗಾಗಿ ಇಂತಹ ಪತ್ರಗಳು ಬಂದು ಬೀಳುವ ಕಡೆಯಲ್ಲಿ ಕುಳಿತಿದ್ದೇನೆ.

ಮೊದಲು ನೀಲಿಶಾಯಿಯವರ ಮಾತು. ಅರ್ಧ ಸರಿ. ಪ್ರಬಂಧರೂಪದ ಉತ್ತರವನ್ನು ಮೂಡಲ್ ನಡುನಡುವೆ ತಾನೇ ಉಳಿಸುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೊಮ್ಮೆ. ಈ ಅವಧಿಯನ್ನು ನಿರ್ವಾಹಕರು ಬದಲಿಸಿರಬಹುದು. ಕೊನೆಯ ಸಲ ಉಳಿಸಿದ್ದಕ್ಕೂ ಕರೆಂಟ್ ಹೋದದ್ದಕ್ಕೂ ನಡುವೆ ಟೈಪ್ ಮಾಡಿದ್ದು ಹೋಗುತ್ತದೆ. ಅದು ಒಂದು ವಾಕ್ಯವಿರಬಹುದು, ಎರಡಿರಬಹುದು. ಮುಂದಿನ ಪುಟಕ್ಕೆ ಹೋದಾಗಲೆಲ್ಲ ಹಿಂದಿನ ಪುಟ ಪೂರ್ತಿ ಉಳಿದಿರುತ್ತದೆ, ಆದ್ದರಿಂದ ಮೊದಲ ಮೂರು ಉತ್ತರಗಳ ಬಗ್ಗೆ ನಿಶ್ಚಿಂತೆಯಿಂದಿರಿ.

ಸಮಯ ನಿಲ್ಲುತ್ತದೆ ಎಂಬುದು ಮಾತ್ರ ಪೂರ್ತಿ ತಪ್ಪು. ಗಡಿಯಾರ ಓಡುವುದು ಸರ್ವರ್‌ನಲ್ಲಿ. ನಿಮ್ಮ ಮನೆಯ ಕರೆಂಟ್ ಹೋದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಹನ್ನೊಂದಾಯಿತು, ಉಳಿದಿದ್ದಷ್ಟನ್ನು ಅದೇ ಸಲ್ಲಿಸಿತು. Finished ಎಂದರೆ ಇದೇ. ಅಧ್ಯಾಪಕರು ಬೇರೆ ರೀತಿ ಹೊಂದಿಸಿದ್ದರೆ ಅಲ್ಲಿ Never submitted ಎಂದು ಕಾಣುತ್ತಿತ್ತು, ಆಗ ಪತ್ರವೂ ಬೇರೆಯಾಗುತ್ತಿತ್ತು. ಹೊಸ ಆವೃತ್ತಿಗಳಲ್ಲಿ ಅಂತಹ ಪ್ರಯತ್ನವನ್ನು ಅಧ್ಯಾಪಕರು ಮತ್ತೆ ತೆರೆಯಬಹುದು. ಆದ್ದರಿಂದ ಪತ್ರ ಬರೆಯುವ ಮುನ್ನ ಆ ಒಂದು ಪದವನ್ನು ನೋಡಿಕೊಳ್ಳಬೇಕು.

ಈಗ ನಿಮ್ಮ ಪತ್ರ. ವಿನಯ ಸಾಕಷ್ಟಿದೆ, ಸ್ವಲ್ಪ ಹೆಚ್ಚೇ ಇದೆ. ಕೊರತೆ ಬೇರೆ ಕಡೆ. "ಉತ್ತರಗಳೆಲ್ಲ ಅಳಿಸಿಹೋಗಿವೆ" ಎಂದು ಬರೆದಿದ್ದೀರಿ. ನಿಮ್ಮ ಮೇಡಂ ವರದಿ ತೆರೆದರೆ ಮೂರು ಪೂರ್ಣ ಉತ್ತರ, ಒಂದು ಅರ್ಧ ಉತ್ತರ ಕಣ್ಣೆದುರಿಗೆ ಇರುತ್ತವೆ. ಮೊದಲ ವಾಕ್ಯವೇ ಸುಳ್ಳಾಯಿತು ಎಂದುಕೊಂಡು ಮುಂದಿನದನ್ನು ಅನುಮಾನದಿಂದ ಓದುತ್ತಾರೆ. ನೀವು ಸುಳ್ಳು ಹೇಳಬೇಕೆಂದು ಬರೆದಿಲ್ಲ, ಗಾಬರಿಯಲ್ಲಿ ಬರೆದಿರಿ. ಆದರೆ ಗಾಬರಿ ಅವರ ಪರದೆಯಲ್ಲಿ ಕಾಣುವುದಿಲ್ಲ.

ಅರ್ಧವಾಕ್ಯ

ಏನು ಉಳಿದಿದೆ ಎಂದು ನೋಡೋಣವೆಂದರೆ ನನಗೆ ಉತ್ತರಗಳು ಕಾಣುತ್ತಿಲ್ಲ. ಮರುನೋಟಕ್ಕೆ ಅವಕಾಶವಿಲ್ಲ ಎನ್ನುತ್ತಿದೆ.

ಸಂಜೆಪಾಠ

ಎಲ್ಲರ ಪರೀಕ್ಷೆ ಮುಗಿಯುವವರೆಗೆ ನಾವು ಅದನ್ನು ಮುಚ್ಚಿಡುತ್ತೇವೆ. ಅದನ್ನೇ ಬರೆಯಿರಿ: ಏನು ಉಳಿದಿದೆಯೋ ನನಗೆ ಕಾಣುತ್ತಿಲ್ಲ, ನಾನು ಟೈಪ್ ಮಾಡುತ್ತಿದ್ದ ಕೊನೆಯ ವಾಕ್ಯ ಇದು.

ಇದರಿಂದ ಏನಾಗುತ್ತದೆ ನೋಡಿ. ಅಧ್ಯಾಪಕರಿಗೆ ಪ್ರತಿ ಪ್ರಶ್ನೆಯ ಕೆಳಗೆ Response history ಎಂಬ ಪಟ್ಟಿ ಕಾಣುತ್ತದೆ. ಯಾವ ಹೊತ್ತಿಗೆ ಏನು ಉಳಿಯಿತು, ಯಾವಾಗ ಪ್ರಯತ್ನ ಮುಗಿಯಿತು ಎಂಬುದು ಅದರಲ್ಲಿರುತ್ತದೆ. ನಿಮ್ಮ ಉತ್ತರ ಕೊನೆಯದಾಗಿ ಉಳಿದದ್ದು 10.41ರ ಆಸುಪಾಸು ಎಂದಿಟ್ಟುಕೊಳ್ಳಿ. ನೀವು 10.42ಕ್ಕೆ ನಿಂತಿತು ಎನ್ನುತ್ತೀರಿ. ಪಟ್ಟಿಯಲ್ಲಿರುವ ಉತ್ತರ ನೀವು ಹೇಳಿದ ವಾಕ್ಯಕ್ಕಿಂತ ಒಂದೋ ಎರಡೋ ಸಾಲು ಹಿಂದೆ ನಿಂತಿದೆ. ಅದಾದ ಮೇಲೆ 11.00ರವರೆಗೆ ಏನೂ ಇಲ್ಲ. ನಿಮ್ಮ ಮಾತಿಗೂ ದಾಖಲೆಗೂ ಹೊಂದಿಕೆಯಾಯಿತು. ಅಷ್ಟನ್ನು ನೋಡಲು ಅವರಿಗೆ ಎರಡು ನಿಮಿಷ ಸಾಕು.

ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಕರೆಂಟ್ ಹೋದದ್ದೂ, ಉತ್ತರ ಗೊತ್ತಿಲ್ಲದೆ ಕಂಪ್ಯೂಟರ್ ಆರಿಸಿ ಎದ್ದುಹೋದದ್ದೂ ದಾಖಲೆಯಲ್ಲಿ ಒಂದೇ ಬಗೆಯ ಮೌನ. ಯಾವುದು ಎಂದು ಸರ್ವರ್ ಹೇಳಲಾರದು. ಹೀಗಿರುವಾಗ ಪರಿಶೀಲಿಸಲು ಆಗುವ ಸಂಗತಿಗಳನ್ನು ಕರಾರುವಾಕ್ಕಾಗಿ ಹೇಳಿದವರ ಮಾತನ್ನು, ಪರಿಶೀಲಿಸಲು ಆಗದ ಸಂಗತಿಯಲ್ಲೂ ನಂಬುತ್ತೇವೆ. ಕತ್ತಲೆ ಕೋಣೆಯ ಫೋಟೊ ಕಳುಹಿಸುವವರಿದ್ದಾರೆ. ದೀಪ ಆರಿಸಿಯೂ ತೆಗೆಯಬಹುದಾದ ಫೋಟೊ ಅದು. ವಿದ್ಯುತ್ ಪೂರೈಸುವವರಿಂದ ಕಡಿತದ ಸಂದೇಶ ಮೊಬೈಲಿಗೆ ಬಂದಿದ್ದರೆ ಇರಲಿ, ಇಲ್ಲದಿದ್ದರೆ ಸಾಕ್ಷಿ ಹುಡುಕುತ್ತಾ ಸಂಜೆ ಮಾಡಬೇಡಿ. ಬೇಗ ಬರೆದದ್ದೇ ಅರ್ಧ ಸಾಕ್ಷಿ.

ಕೊನೆಯಬೆಂಚು

ನನಗೂ ಹೀಗೇ ಆಗಿತ್ತು, ಆದರೆ ಗೂಗಲ್ ಫಾರ್ಮ್ಸ್‌ನಲ್ಲಿ. "ನನ್ನ ಉತ್ತರಗಳು ನಿಮಗೆ ಕಾಣುತ್ತವೆ ಸರ್, ನೋಡಿ" ಎಂದು ಧೈರ್ಯವಾಗಿ ಬರೆದೆ. ಅವರಿಗೆ ಏನೂ ಕಾಣಲಿಲ್ಲ. ನನ್ನ ಹೆಸರೇ ಪಟ್ಟಿಯಲ್ಲಿ ಇರಲಿಲ್ಲ. ಪರೀಕ್ಷೆಗೇ ಕೂರದವನು ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡರು.

ಆಮೇಲೆ ತಿಳಿಯಿತು: ಅಲ್ಲಿ ಸಲ್ಲಿಸಿದ ಮೇಲಷ್ಟೇ ಅಧ್ಯಾಪಕರಿಗೆ ಕಾಣುವುದು. ಅರ್ಧ ಬರೆದದ್ದು ಕರಡಾಗಿ ನಮ್ಮ ಖಾತೆಯಲ್ಲೇ ಕುಳಿತಿರುತ್ತದೆ, ಅದೂ ಲಾಗಿನ್ ಆಗಿ ಬರೆಯುತ್ತಿದ್ದರೆ ಮಾತ್ರ. ಫಾರ್ಮ್ ಮಾಡಿದವರು ಆ ಸೌಲಭ್ಯವನ್ನು ಬಂದ್ ಮಾಡಿದ್ದರೆ ಅದೂ ಇಲ್ಲ. ಸರ್ ಫಾರ್ಮ್ ಮುಚ್ಚಿಬಿಟ್ಟಿದ್ದರು. ಅವರು ಮತ್ತೆ ಎರಡು ನಿಮಿಷ ತೆರೆದಾಗ ನನ್ನ ಕರಡು ಹಾಗೇ ಇತ್ತು, ಸಲ್ಲಿಸಿದೆ. ಮೊದಲೇ "ಎರಡು ನಿಮಿಷ ತೆರೆಯಿರಿ, ಕರಡು ಇದ್ದರೆ ಸಲ್ಲಿಸುತ್ತೇನೆ" ಎಂದು ಕೇಳಿದ್ದರೆ ನಾಲ್ಕು ದಿನದ ಮನಸ್ತಾಪ ತಪ್ಪುತ್ತಿತ್ತು.

ನೀಲಿಶಾಯಿ

ಸರಿ, ಸಮಯದ ವಿಷಯದಲ್ಲಿ ನಾನು ತಪ್ಪಿದೆ. ಆದರೆ ಒಂದು ಕೇಳುತ್ತೇನೆ. ಕರೆಂಟ್ ಹೋದಾಗ ಹದಿನೆಂಟು ನಿಮಿಷ ಬಾಕಿ ಇತ್ತು. ಕೈಯಲ್ಲಿ ಮೊಬೈಲ್ ಇರಲಿಲ್ಲವೇ? ಅದರಿಂದ ಲಾಗಿನ್ ಆಗಿದ್ದರೆ ಅದೇ ಪ್ರಯತ್ನವನ್ನು ಮುಂದುವರಿಸಬಹುದಿತ್ತು.

ಅರ್ಧವಾಕ್ಯ

ಮೊಬೈಲ್ ಇತ್ತು. ಡೇಟಾ ಕೂಡ ಇತ್ತು. ಇನ್ನೊಂದು ಸಾಧನದಿಂದ ಲಾಗಿನ್ ಆದರೆ ನಕಲು ಮಾಡುತ್ತಿದ್ದೇನೆ ಎಂದು ತಿಳಿಯಬಹುದೆಂದು ಹೆದರಿದೆ. ಕರೆಂಟ್ ಈಗ ಬಂದೀತು, ಈಗ ಬಂದೀತು ಎಂದು ಕಾಯುತ್ತಾ ಕುಳಿತೆ. ಇದನ್ನು ಪತ್ರದಲ್ಲಿ ಬರೆಯದಿದ್ದರೆ ಆಗದೇ? ನನ್ನದೇ ತಪ್ಪು ಎಂದಾಗುತ್ತದೆ.

ಸಂಜೆಪಾಠ

ಬರೆಯಲೇಬೇಕು. ನಾನಾಗಿದ್ದರೆ ಮೊದಲು ಕೇಳುವ ಪ್ರಶ್ನೆಯೇ ಅದು. ನಾನು ಕೇಳಿದ ಮೇಲೆ ಹೇಳಿದರೆ ಸಮಜಾಯಿಷಿಯಂತೆ ಕೇಳುತ್ತದೆ, ಕೇಳುವ ಮೊದಲೇ ಹೇಳಿದರೆ ಸಂಗತಿಯಾಗುತ್ತದೆ. ನಿಮ್ಮ ಹೆದರಿಕೆ ಬುಡವಿಲ್ಲದ್ದೇನೂ ಅಲ್ಲ. ಕೆಲವು ಪರೀಕ್ಷೆಗಳನ್ನು ಸೇಫ್ ಎಕ್ಸಾಮ್ ಬ್ರೌಸರ್‌ನಲ್ಲಿ ಮಾತ್ರ ಬರೆಯುವಂತೆ ಬಿಗಿ ಮಾಡಿರುತ್ತೇವೆ, ಅಲ್ಲಿ ಸಾಮಾನ್ಯ ಮೊಬೈಲ್ ಬ್ರೌಸರ್ ಒಳಗೇ ಬಿಡುವುದಿಲ್ಲ. ಉಳಿದ ಕಡೆ Continue your attempt ಎಂಬ ಗುಂಡಿ ಬರುತ್ತದೆ, ಒತ್ತಿ ಮುಂದುವರಿಸಬಹುದು. ಇದನ್ನು ಪರೀಕ್ಷೆಗೆ ಮುನ್ನ ಹೇಳಿಕೊಡಬೇಕಾದದ್ದು ನಾವು. ಹೇಳುವುದಿಲ್ಲ, ಅದು ನಮ್ಮ ಕಡೆಯ ಸೋಮಾರಿತನ.

ಕಾಗದದ ಮೇಲೆ ಬರೆದ ಉಳಿದ ಉತ್ತರದ ಫೋಟೊ ಬೇಡ. ಹನ್ನೊಂದು ಗಂಟೆಯ ನಂತರ ಪುಸ್ತಕ ಪಕ್ಕದಲ್ಲಿರುವಾಗ ಬರೆದದ್ದು ಅದು ಎಂದು ಯಾರಾದರೂ ಹೇಳಬಹುದು, ಅಲ್ಲವೆನ್ನಲು ನಿಮ್ಮ ಬಳಿ ಏನೂ ಇಲ್ಲ. ಅದನ್ನು ಓದಿದರೆ ನಿಮ್ಮ ಮೇಡಂ ಇಕ್ಕಟ್ಟಿಗೆ ಸಿಲುಕುತ್ತಾರೆ, ಓದದಿದ್ದರೆ ನಿಮಗೆ ಬೇಸರ. ಅವರು ಕೇಳಿದರೆ ಕೊಡಿ.

ಲೆಕ್ಕಾಚಾರ

ಇಷ್ಟೆಲ್ಲ ಏಕೆ? ಮೊದಲ ಮೂರು ಉತ್ತರಗಳಿಗೆ ಮೂವತ್ತಕ್ಕೆ ಎಷ್ಟು ಬಂತೋ ಅದನ್ನು ಐವತ್ತಕ್ಕೆ ಏರಿಸಿದರೆ ಮುಗಿಯಿತು. ಮೂವತ್ತಕ್ಕೆ ಇಪ್ಪತ್ತನಾಲ್ಕು ಬಂದರೆ ಐವತ್ತಕ್ಕೆ ನಲವತ್ತು. ಪತ್ರದಲ್ಲಿ ಇದನ್ನೇ ನೇರವಾಗಿ ಕೇಳಿ.

ಸಂಜೆಪಾಠ

ಕೇಳಬೇಡಿ. ಪ್ರಶ್ನೆಪತ್ರಿಕೆಯಲ್ಲಿ ಸುಲಭದವು ಮೊದಲು ಬರುವುದು ಹೆಚ್ಚು. ಮೊದಲ ಮೂರು ನೆನಪಿನಿಂದ ಬರೆಯುವಂಥವು, ಐದನೆಯದು ಬುದ್ಧಿ ಓಡಿಸಿ ಬಿಡಿಸುವಂಥದ್ದು ಎಂದಾದರೆ, ಐದನೆಯದನ್ನು ಮುಟ್ಟದೆಯೇ ಅದರ ಅಂಕ ಪಡೆದಂತಾಗುತ್ತದೆ. ಅದನ್ನು ಬರೆದು ಅಂಕ ಕಳೆದುಕೊಂಡ ಸಹಪಾಠಿಗೆ ಏನು ಹೇಳುವುದು?

ಲೆಕ್ಕಾಚಾರ

ಮರುಪರೀಕ್ಷೆ ಮಾತ್ರ ನ್ಯಾಯವೇ? ಅರ್ಧ ಬರೆದ ಪ್ರಶ್ನೆಯನ್ನು ಮನೆಯಲ್ಲಿ ಓದಿಕೊಂಡು ಬಂದು ಮತ್ತೆ ಬರೆಯುವುದರಲ್ಲಿ ಯಾವ ನ್ಯಾಯವಿದೆ? ನನ್ನ ದಾರಿಯಲ್ಲಿ ಕನಿಷ್ಠ ಯಾರಿಗೂ ಹೊಸದಾಗಿ ಓದಲು ಸಮಯ ಸಿಗುವುದಿಲ್ಲ.

ಸಂಜೆಪಾಠ

ಆ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಅದಕ್ಕೇ ವಿದ್ಯಾರ್ಥಿ ಪರಿಹಾರವನ್ನು ಹೇಳಬಾರದು, ಕಳೆದುಹೋದದ್ದೆಷ್ಟು ಎಂದು ಹೇಳಬೇಕು. ಇಲ್ಲಿ ಕಳೆದದ್ದು ಹದಿನೆಂಟು ನಿಮಿಷ ಮತ್ತು ಒಂದೂವರೆ ಪ್ರಶ್ನೆ. ಅದಕ್ಕೆ ಸಮನಾದದ್ದನ್ನು ಹೇಗೆ ಕೊಡಬಹುದು ಎಂಬುದಕ್ಕೆ ಅಧ್ಯಾಪಕರ ಬಳಿ ಹಲವು ದಾರಿಗಳಿವೆ. ಮೂಡಲ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ಮಾತ್ರ User overrides ಮೂಲಕ ಇನ್ನೊಂದು ಪ್ರಯತ್ನವನ್ನೂ ಬೇರೆ ಕಾಲಮಿತಿಯನ್ನೂ ಕೊಡಬಹುದು. ಆದರೆ ಆ ಪರೀಕ್ಷೆಗೆ Each attempt builds on the last ಎಂಬುದನ್ನು ಆರಿಸಿರದಿದ್ದರೆ ಹೊಸ ಪ್ರಯತ್ನದಲ್ಲಿ ಹಾಳೆ ಖಾಲಿ, ಮೂರೂ ಉತ್ತರಗಳನ್ನು ಮೊದಲಿನಿಂದ ಬರೆಯಬೇಕು. ಅದು ನಿಮಗೇ ಕಷ್ಟ. "ಇನ್ನೊಂದು ಅವಕಾಶ ಕೊಡಿ" ಎಂದು ಕೇಳುವವರಿಗೆ ಇದು ತಿಳಿದಿರುವುದಿಲ್ಲ. ಹತ್ತು ನಿಮಿಷ ಮಾತಿನಲ್ಲೇ ಪ್ರಶ್ನೆ ಕೇಳಿ ಮುಗಿಸುವ ದಾರಿಯೂ ಇದೆ, ನನಗೆ ಅದೇ ಇಷ್ಟ.

ಅರ್ಧವಾಕ್ಯ

ತಿದ್ದಿ ಬರೆದಿದ್ದೇನೆ. ನೋಡಿ:

> ವಿಷಯ: ಇಂದಿನ ಜೀವಶಾಸ್ತ್ರ ಕಿರುಪರೀಕ್ಷೆ, 10.42ಕ್ಕೆ ವಿದ್ಯುತ್ ಕಡಿತ (ಕ್ರಮಸಂಖ್ಯೆ ಕೆಳಗಿದೆ)
>
> ಮೇಡಂ, ನಮಸ್ಕಾರ.
>
> ಇಂದಿನ ಪರೀಕ್ಷೆಯಲ್ಲಿ ನಾಲ್ಕನೆಯ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಾಗ, ಸುಮಾರು 10.42ಕ್ಕೆ ನಮ್ಮ ಮನೆಯಲ್ಲಿ ಕರೆಂಟ್ ಹೋಯಿತು. ಡೆಸ್ಕ್‌ಟಾಪ್ ಆದ್ದರಿಂದ ಕೂಡಲೇ ಆರಿತು. 11.20ಕ್ಕೆ ಲಾಗಿನ್ ಆದಾಗ ನನ್ನ ಪ್ರಯತ್ನ 11.00ಕ್ಕೆ ತಾನಾಗಿ ಸಲ್ಲಿಕೆಯಾಗಿತ್ತು.
>
> ಮೊದಲ ಮೂರು ಉತ್ತರಗಳನ್ನು ಮುಗಿಸಿದ್ದೆ. ನಾಲ್ಕನೆಯದರಲ್ಲಿ ಟೈಪ್ ಮಾಡುತ್ತಿದ್ದ ಕೊನೆಯ ಸಾಲು "ನಲವತ್ತು ಡಿಗ್ರಿ ದಾಟಿದ ಮೇಲೆ ಕಿಣ್ವದ" ಎಂದಿತ್ತು. ಇದರಲ್ಲಿ ಎಷ್ಟು ಉಳಿದಿದೆ ಎಂಬುದು ನನಗೆ ಕಾಣುತ್ತಿಲ್ಲ. ಐದನೆಯ ಪ್ರಶ್ನೆಗೆ ಉತ್ತರ ಬರೆದಿಲ್ಲ.
>
> ಮೊಬೈಲ್ ಇತ್ತು, ಆದರೆ ಬೇರೆ ಸಾಧನದಿಂದ ಮುಂದುವರಿಸಬಹುದು ಎಂಬುದು ತಿಳಿದಿರಲಿಲ್ಲ, ಪ್ರಯತ್ನಿಸಲಿಲ್ಲ.
>
> ಉಳಿದಿದ್ದ ಹದಿನೆಂಟು ನಿಮಿಷಗಳಿಗೆ ಬದಲಾಗಿ ತಾವು ಸೂಕ್ತವೆಂದು ಕಂಡ ರೀತಿಯಲ್ಲಿ ಅವಕಾಶ ಕೊಡಲು ಸಾಧ್ಯವೇ ಎಂದು ತಿಳಿಸಬೇಕಾಗಿ ವಿನಂತಿ.

ಸಂಜೆಪಾಠ

ಚೆನ್ನಾಗಿದೆ. "ಪೂಜ್ಯ ಗುರುಗಳಿಗೆ" ಹೋದದ್ದರಿಂದ ಮರ್ಯಾದೆ ಕಡಿಮೆಯಾಗಿಲ್ಲ, ರಜಾ ಅರ್ಜಿಯ ವಾಸನೆ ಮಾತ್ರ ಹೋಯಿತು. "ಸುಮಾರು" ಎಂದಿಟ್ಟದ್ದು ಒಳ್ಳೆಯದು. ನಿಮ್ಮ ಗೋಡೆ ಗಡಿಯಾರಕ್ಕೂ ಸರ್ವರ್ ಗಡಿಯಾರಕ್ಕೂ ಒಂದೆರಡು ನಿಮಿಷ ವ್ಯತ್ಯಾಸವಿರಬಹುದು, ಆಮೇಲೆ ಅದೇ ಒಂದು ತಕರಾರಾಗಬಾರದು. ಇಮೇಲ್‌ನಲ್ಲಿಯೇ ಕಳುಹಿಸಿ. ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದರೆ ಹತ್ತು ಜನ "ನಮಗೂ ಹೋಗಿತ್ತು" ಎನ್ನುತ್ತಾರೆ, ನಿಜವಾಗಿ ಹೋದವರು ಆ ಗದ್ದಲದಲ್ಲಿ ಕಾಣೆಯಾಗುತ್ತಾರೆ.

ಕೊನೆಯಬೆಂಚು

ನಾನಾಗಿದ್ದರೆ ಮೊಬೈಲಿನ ಸಾಲನ್ನು ಬರೆಯುತ್ತಿರಲಿಲ್ಲ. ಕೇಳದೇ ಇದ್ದದ್ದನ್ನು ಹೇಳಿ ಕೊರಳು ಒಡ್ಡುವುದೇಕೆ? ಎಲ್ಲ ಅಧ್ಯಾಪಕರೂ ಸಂಜೆಪಾಠದವರಂತೆ ಇರುವುದಿಲ್ಲ.

ಅರ್ಧವಾಕ್ಯ

ಕಳುಹಿಸಿದೆ, ಮೊಬೈಲಿನ ಸಾಲಿನೊಂದಿಗೇ. ಒಂದು ಗಂಟೆಯೊಳಗೆ ಉತ್ತರ ಬಂತು. ಎರಡೇ ಸಾಲು: "ದಾಖಲೆ ನೋಡಿದೆ, ನಾಲ್ಕನೆಯ ಉತ್ತರ ಅರ್ಧ ಇದೆ. ಐದನೆಯ ಪ್ರಶ್ನೆಯನ್ನು ಓದಿದ್ದೀಯಾ?"

ಮೊಬೈಲ್ ಬಗ್ಗೆ ಒಂದು ಮಾತೂ ಇಲ್ಲ. ಆದರೆ ಈಗ ಇನ್ನೊಂದು ಫಜೀತಿ. ಪರೀಕ್ಷೆ ಶುರುವಾದಾಗ ಐದೂ ಪುಟಗಳನ್ನು ಒಮ್ಮೆ ತಿರುವಿ ನೋಡಿದ್ದೆ. ಐದನೆಯದನ್ನು ಓದಿದ್ದೇನೆ. "ಉತ್ತರ ಬರೆದಿಲ್ಲ" ಎಂದಷ್ಟೇ ಬರೆದದ್ದು ಮುಚ್ಚಿಟ್ಟಂತೆ ಕಾಣುತ್ತದೆಯೇ?

ಸಂಜೆಪಾಠ

ಕಾಣುವುದಿಲ್ಲ. ಅವರಿಗೆ ಬೇಕಿರುವುದು ಒಂದೇ: ಹಳೆಯ ಐದನೆಯ ಪ್ರಶ್ನೆಯನ್ನೇ ಕೊಡಬಹುದೇ, ಹೊಸದನ್ನು ತಯಾರಿಸಬೇಕೇ ಎಂಬುದು. "ಓದಿದ್ದೇನೆ ಮೇಡಂ, ಆರಂಭದಲ್ಲಿ ಒಮ್ಮೆ" ಎಂದು ಒಂದು ಸಾಲು ಬರೆದು ನಿಲ್ಲಿಸಿ. ಕಾರಣ ಕೊಡಲು ಹೋಗಬೇಡಿ, ಪುಟ ತಿರುವಿ ನೋಡುವುದು ತಪ್ಪಲ್ಲ.

ಲೆಕ್ಕಾಚಾರ

ನೋಡಿ, ಈಗ ಆ ಮೇಡಂ ಕುಳಿತು ಹೊಸ ಪ್ರಶ್ನೆ ಮಾಡಬೇಕು, ಅದು ಹಳೆಯದರಷ್ಟೇ ಕಷ್ಟವಿರಬೇಕು, ಇಲ್ಲದಿದ್ದರೆ ಮತ್ತೆ ತಕರಾರು. ನನ್ನ ಲೆಕ್ಕ ಒಂದೇ ಸಾಲಿನದಾಗಿತ್ತು.

ಅರ್ಧವಾಕ್ಯ

ಅವರ ಉತ್ತರ: ನಾಳೆ ಮಧ್ಯಾಹ್ನ ಹೊಸದೊಂದು ಪ್ರಶ್ನೆ, ಹತ್ತು ನಿಮಿಷ, ಅವರ ಎದುರಿಗೇ ಕಾಗದದ ಮೇಲೆ. ನಾಲ್ಕನೆಯದಕ್ಕೆ ಉಳಿದಿರುವಷ್ಟಕ್ಕೆ ಅಂಕ. ಉಳಿದ ಅರ್ಧದ ಬಗ್ಗೆ "ಯೋಚಿಸುತ್ತೇನೆ" ಎಂದಿದ್ದಾರೆ. ಕಿಣ್ವದ ಆ ವಾಕ್ಯ ಎಲ್ಲಿಗೆ ನಿಂತಿತ್ತು ಎಂದೂ ಹೇಳಿದರು: "ನಲವತ್ತು" ಎಂಬ ಪದವೂ ಉಳಿದಿಲ್ಲ, ಅದಕ್ಕಿಂತ ಒಂದು ಸಾಲು ಹಿಂದೆ.

ಕೊನೆಯಬೆಂಚು

"ಯೋಚಿಸುತ್ತೇನೆ" ಎಂದರೆ ಇಲ್ಲ ಎಂದೇ ಅರ್ಥ.

ಸಂಜೆಪಾಠ

ನಾನು ಹಾಗೆ ಹೇಳಿದಾಗ ನಿಜವಾಗಿಯೂ ಯೋಚಿಸುತ್ತಿರುತ್ತೇನೆ. ಎರಡು ದಿನ ಕಾಯಿರಿ, ಅಂಕ ಪ್ರಕಟವಾಗುವ ಮುನ್ನ ಒಮ್ಮೆ ಮಾತ್ರ ನೆನಪಿಸಿ.

ತಂತಿಜೋಡಣೆ

ನಾಳೆಯದು ಕಾಗದದ ಮೇಲೆ ತಾನೇ? ಹಾಗಾದರೆ ಯುಪಿಎಸ್ ಬೇಕಾಗುವುದಿಲ್ಲ. ಆದರೂ ರೂಟರಿನ ಮಾತು ನೆನಪಿರಲಿ.